ಅರ್ಥ ಸರಿ ಬರೆದ ಮಕ್ಕಳು ವಾಕ್ಯದಲ್ಲಿ ಎಡವುತ್ತಾರೆ: ಪದಪರೀಕ್ಷೆಯನ್ನು ಹೇಗೆ ಬದಲಾಯಿಸಲಿ?

ಸೀಮೆಸುಣ್ಣ

ಕನ್ನಡವನ್ನು ಎರಡನೇ ಭಾಷೆಯಾಗಿ ಕಲಿಯುತ್ತಿರುವ ಏಳನೇ ತರಗತಿಯ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ವಾರಕ್ಕೊಮ್ಮೆ ಹತ್ತು ಪದಗಳ ಕಿರುಪರೀಕ್ಷೆ ಕೊಡುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಎಡಗಡೆ ಕನ್ನಡ ಪದವಿರುತ್ತದೆ, ಬಲಗಡೆ ಮಕ್ಕಳು ತಮ್ಮ ಮನೆಮಾತಿನಲ್ಲಿ ಅರ್ಥ ಬರೆಯುತ್ತಾರೆ. ಹೆಚ್ಚಿನವರಿಗೆ ಎಂಟು, ಒಂಬತ್ತು ಅಂಕ ಬರುತ್ತದೆ.

ಕಳೆದ ವಾರ ಪ್ರಬಂಧದ ಪುಸ್ತಕಗಳನ್ನು ತಿದ್ದುವಾಗ ನನಗೆ ಗಾಬರಿಯಾಯಿತು. "ನಾನು ಹಾವನ್ನು ಹೆದರುತ್ತೇನೆ", "ನಮ್ಮ ತಂಡ ಸೋಲಿತು", "ಅವಳು ಮೂಟೆಯನ್ನು ಹೊರಿದಳು" ಎಂದು ಬರೆದವರೆಲ್ಲ ಅದೇ ಪದಗಳ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದವರು. ಹಾಗಾದರೆ ನಾನು ಇಷ್ಟು ದಿನ ಅಳೆದದ್ದು ಏನನ್ನು? ಅರ್ಥ, ರೂಪ, ಬಳಕೆ ಈ ಮೂರನ್ನೂ ನೋಡುವಂತಹ, ಆದರೆ ಹದಿನೈದು ನಿಮಿಷದಲ್ಲಿ ಮುಗಿಯುವ ಪರೀಕ್ಷೆಯನ್ನು ರೂಪಿಸಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ನೇರನುಡಿ

ಅನುವಾದವನ್ನು ತರಗತಿಯಿಂದ ಸಂಪೂರ್ಣವಾಗಿ ಹೊರಗಿಡಿ. ಕನ್ನಡದ ಪದಕ್ಕೆ ಕನ್ನಡದಲ್ಲೇ ಅರ್ಥ ಬರೆಸಿದರೆ ಈ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ.

ಹಳೆಯ ಹಾಜರಿ

ನೇರನುಡಿ ಅವರ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ. "ಹೆದರು ಎಂದರೆ ಭಯಪಡು" ಎಂದು ಕನ್ನಡದಲ್ಲೇ ಬರೆದ ಮಗುವೂ ಮರುಕ್ಷಣ "ಹಾವನ್ನು ಹೆದರುತ್ತೇನೆ" ಎಂದು ಬರೆಯಬಹುದು, ಏಕೆಂದರೆ ಆ ಪ್ರಶ್ನೆ ಕೇಳಿದ್ದು ಅರ್ಥವನ್ನು ಮಾತ್ರ. ಉತ್ತರವನ್ನು ಯಾವ ಭಾಷೆಯಲ್ಲಿ ಬರೆಸಿದರೂ ಪಟ್ಟಿ ಪಟ್ಟಿಯೇ. ಅರ್ಥ ಗೊತ್ತಿದೆಯೇ ಎಂಬುದಷ್ಟನ್ನೇ ಬೇಗ ತಿಳಿಯಬೇಕಾದಾಗ ಮನೆಮಾತಿನ ಒಂದು ಪದ ಒಳ್ಳೆಯ ಸಾಧನವೇ. ಉಳಿದ ಎರಡನ್ನು ಕೇಳದೆ ಬಿಟ್ಟದ್ದರಿಂದ ತೊಂದರೆಯಾಗಿದೆ.

ಒಂದು ಪದವನ್ನು ಬಲ್ಲೆವು ಎನ್ನುವುದನ್ನು ರೂಪ, ಅರ್ಥ, ಬಳಕೆ ಎಂದು ಮೂರಾಗಿ ಒಡೆದು ನೋಡುವ ಕ್ರಮವನ್ನು 2001ರಲ್ಲಿ ವಿಸ್ತಾರವಾಗಿ ಮುಂದಿಟ್ಟವರು ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್. ಈ ಮೂರರಲ್ಲಿ ಪ್ರತಿಯೊಂದಕ್ಕೂ ಅವರು ಎರಡು ಮುಖಗಳನ್ನು ತೋರಿಸುತ್ತಾರೆ. ಕಂಡಾಗ ಅಥವಾ ಕೇಳಿದಾಗ ಗುರುತಿಸುವುದು ಒಂದು, ತಾನೇ ನೆನಪಿನಿಂದ ತೆಗೆದು ಬರೆಯುವುದು ಅಥವಾ ಹೇಳುವುದು ಇನ್ನೊಂದು. ನಿಮ್ಮ ಪಟ್ಟಿ ಮುಟ್ಟಿದ್ದು ಅರ್ಥದ ಒಂದೇ ಮುಖವನ್ನು, ಅಂದರೆ ಕಂಡ ಪದದ ಅರ್ಥ ಗುರುತಿಸುವುದನ್ನು. ಮಕ್ಕಳು ಎಡವಿದ್ದು ರೂಪ ಮತ್ತು ಬಳಕೆಯ ಬರೆಯುವ ಮುಖದಲ್ಲಿ.

ನಿಮ್ಮ ಮೂರು ತಪ್ಪುಗಳನ್ನೇ ನೋಡಿ. "ಹೊರಿದಳು", "ಸೋಲಿತು" ಎರಡೂ ರೂಪದ ತಪ್ಪುಗಳು. ಆ ಮಕ್ಕಳಿಗೆ ಅರ್ಥ ಗೊತ್ತು, ಪದ ಎಲ್ಲಿ ಬರಬೇಕೆಂಬುದೂ ಗೊತ್ತು, "ಹೊತ್ತಳು", "ಸೋತಿತು" ಎಂಬ ಭೂತಕಾಲದ ರೂಪ ಮಾತ್ರ ಗೊತ್ತಿಲ್ಲ. "ಹಾವನ್ನು ಹೆದರುತ್ತೇನೆ" ಎಂಬುದು ಬಳಕೆಯ ತಪ್ಪು. ಅಲ್ಲಿ ಕ್ರಿಯಾಪದದ ರೂಪ ಸರಿಯಾಗಿದೆ, ಅದರ ಜೊತೆಗೆ ಬರುವ ವಿಭಕ್ತಿ ತಪ್ಪಿದೆ. ಒಂದನ್ನು ತಿದ್ದುವ ಪಾಠ ಇನ್ನೊಂದನ್ನು ತಿದ್ದುವುದಿಲ್ಲವಾದ್ದರಿಂದ ಪರೀಕ್ಷೆಯೂ ಇವೆರಡನ್ನು ಬೇರ್ಪಡಿಸಿ ತೋರಿಸಬೇಕು.

ಎರಡುಮಾತು

ನನ್ನ ಮನೆಮಾತು ಹಿಂದಿ, ಕನ್ನಡ ಕಲಿತದ್ದು ದೊಡ್ಡವನಾದ ಮೇಲೆ. ಬಹಳ ಕಾಲ ನಾನು "ಹಾವಿನಿಂದ ಹೆದರುತ್ತೇನೆ" ಎಂದೇ ಹೇಳುತ್ತಿದ್ದೆ, ಏಕೆಂದರೆ ಹಿಂದಿಯಲ್ಲಿ "ಸಾಂಪ್ ಸೇ ಡರ್ನಾ" ಎನ್ನುತ್ತೇವೆ. "ಡರ್ನಾ ಎಂದರೆ ಹೆದರು" ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ತಪ್ಪಲ್ಲದ ಕಾರಣ ಯಾವ ಪರೀಕ್ಷೆಯಲ್ಲೂ ಇದು ಸಿಕ್ಕಿಬೀಳಲಿಲ್ಲ. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು "ಹಾವಿಗೆ ಹೆದರುತ್ತೇನೆ ಅನ್ನಿ" ಎಂದು ತಿದ್ದಿದರು. ಅಲ್ಲಿಂದಾಚೆಗೆ ನಾನು ಪದವನ್ನು ಒಂಟಿಯಾಗಿ ಬರೆದುಕೊಳ್ಳುವುದನ್ನೇ ಬಿಟ್ಟು "ಯಾವುದಕ್ಕೋ ಹೆದರು", "ಯಾರನ್ನೋ ನಂಬು" ಎಂದು ಬರೆದುಕೊಳ್ಳತೊಡಗಿದೆ.

ವೇದಿಕೆಪ್ರಿಯ

ರಸಪ್ರಶ್ನೆಗೆ ನಾಲ್ಕು ತಂಡಗಳನ್ನು ಮಾಡಿ, ಮೊದಲು ಗಂಟೆ ಒತ್ತಿದವರಿಗೆ ಅವಕಾಶ ಕೊಡಿ. ಉತ್ತರ ತಪ್ಪಾದರೆ ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿ. ಮಕ್ಕಳು ಬಹಳ ಹುಮ್ಮಸ್ಸಿನಿಂದ ಭಾಗವಹಿಸುತ್ತಾರೆ.

ಸೀಮೆಸುಣ್ಣ

ಧನ್ಯವಾದ, ಆದರೆ ನನಗೆ ಬೇಕಾದದ್ದು ತಂಡಗಳ ಸ್ಪರ್ಧೆಯಲ್ಲ. ಪ್ರತಿಯೊಂದು ಮಗುವೂ ಕುಳಿತು ಬರೆಯುವ, ಯಾವ ಮಗುವಿಗೆ ಯಾವುದು ಬಾರದು ಎಂದು ನನಗೆ ತೋರಿಸುವ ಪರೀಕ್ಷೆ ಬೇಕು. ಗಂಟೆ ಒತ್ತುವಾಗ ಬೇಗ ಹೇಳುವ ಐದಾರು ಮಕ್ಕಳ ವಿಷಯ ಮಾತ್ರ ತಿಳಿಯುತ್ತದೆ.

ಹಳೆಯ ಹಾಜರಿ ಅವರು ಹೇಳಿದಂತೆ ಬೇರ್ಪಡಿಸಿ ಕೇಳಲು, ಹತ್ತು ಪದಗಳನ್ನು ಆರಕ್ಕೆ ಇಳಿಸಿ ಕರಡೊಂದನ್ನು ಮಾಡಿದ್ದೇನೆ. ಪದಗಳು: ಹೆದರು, ಹೊರು, ಸೋಲು, ತೀರಿಸು, ಒಪ್ಪು, ಬೆಳೆ.

ಮೊದಲ ಭಾಗದಲ್ಲಿ ಪದಗಳನ್ನು ಅರ್ಥಕ್ಕೆ ಹೊಂದಿಸಬೇಕು. ಎಡಗಡೆ ಆರು ಪದಗಳಿವೆ, ಬಲಗಡೆ ಆರು ವಿವರಣೆಗಳಿವೆ. ಹೆದರು ಎಂಬುದಕ್ಕೆ "ಅಪಾಯ ಬಂತೆಂದು ನಡುಗು" ಎಂದು ಬರೆದಿದ್ದೇನೆ. ಎರಡನೇ ಭಾಗದಲ್ಲಿ ಬಿಟ್ಟ ಸ್ಥಳ ತುಂಬಬೇಕು, ಉದಾಹರಣೆಗೆ "ಅವನು ಸಾಲ ______." ಮೂರನೇ ಭಾಗದಲ್ಲಿ ಆರೂ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕು. ದಯವಿಟ್ಟು ಸಂಕೋಚವಿಲ್ಲದೆ ತಿದ್ದಿ.

ಒತ್ತಕ್ಷರ

"ನಡುಗು" ಎಂಬ ಪದ "ಹೆದರು" ಎಂಬುದಕ್ಕಿಂತ ಕಠಿಣ. ಹೆದರು ಗೊತ್ತಿದ್ದು ನಡುಗು ಗೊತ್ತಿಲ್ಲದ ಮಗು ಈ ಪ್ರಶ್ನೆಯಲ್ಲಿ ಸೋಲುತ್ತದೆ, ನೀವು ಅದಕ್ಕೆ ಹೆದರು ಬಾರದು ಎಂದು ಬರೆದುಕೊಳ್ಳುತ್ತೀರಿ. "ನಾಯಿ ಬೊಗಳಿದಾಗ ಚಿಕ್ಕ ಮಗು ಅಮ್ಮನ ಹಿಂದೆ ನಿಲ್ಲುತ್ತದೆ, ಆ ಮಗುವಿಗೆ ಏನಾಗಿದೆ?" ಎಂಬಂತಹ ಸನ್ನಿವೇಶವನ್ನು ಕೊಡಿ, ಅಥವಾ ಚಿತ್ರ ಬಿಡಿಸಿ.

ಹಳೆಯ ಹಾಜರಿ

ಒತ್ತಕ್ಷರ ಅವರು ಹಿಡಿದದ್ದು ಸರಿಯಾಗಿದೆ. ಅದರ ಜೊತೆಗೆ ಇನ್ನೂ ಮೂರು ಸಂಗತಿಗಳನ್ನು ನಿಧಾನವಾಗಿ ಹೇಳುತ್ತೇನೆ.

ಆರಕ್ಕೆ ಆರು ಹೊಂದಿಸುವ ಪ್ರಶ್ನೆಯಲ್ಲಿ ಐದು ಗೊತ್ತಿದ್ದವರಿಗೆ ಆರನೆಯದು ಪುಕ್ಕಟೆ ಸಿಗುತ್ತದೆ. ನೇಷನ್ ಅವರು 1983ರಲ್ಲಿ ಸಿದ್ಧಪಡಿಸಿದ ಪದಮಟ್ಟದ ಪರೀಕ್ಷೆಯಲ್ಲಿ ಪ್ರತಿ ಗುಂಪಿಗೂ ಆರು ಪದಗಳು, ಮೂರೇ ವಿವರಣೆಗಳು. ನೀವೂ ಹಾಗೆಯೇ ಮಾಡಿ: ಹೆದರು, ಹೊರು, ಸೋಲು ಇವುಗಳ ಜೊತೆಗೆ ಹಿಂದಿನ ಪಾಠಗಳಲ್ಲಿ ಕಲಿಸಿದ ಎಸೆ, ಅಡಗು, ಬಾಗು ಎಂಬುವನ್ನು ಸೇರಿಸಿ, ವಿವರಣೆಗಳನ್ನು ಮೂರಕ್ಕೇ ನಿಲ್ಲಿಸಿ. ಸೇರಿಸುವ ಪದಗಳು ಮಕ್ಕಳು ಕಂಡವೇ ಆಗಿರಲಿ, ಇಲ್ಲದಿದ್ದರೆ "ಇದನ್ನು ನಮಗೆ ಕಲಿಸಿಯೇ ಇಲ್ಲ" ಎಂದು ಅವನ್ನು ಬದಿಗಿಟ್ಟು ಉಳಿದವನ್ನು ಹೊಂದಿಸಿಬಿಡುತ್ತಾರೆ. ಆರೂ ಒಂದೇ ಜಾತಿಯ ಪದಗಳಾಗಿರಬೇಕು. ನಿಮ್ಮ ಪಟ್ಟಿಯಲ್ಲಿ ಐದು ಕ್ರಿಯಾಪದಗಳ ನಡುವೆ "ಬೆಳೆ" ಒಂದೇ ನಾಮಪದವಾಗಿ ನಿಂತಿರುವುದರಿಂದ ಅದರ ಉತ್ತರ ವ್ಯಾಕರಣದಿಂದಲೇ ಹೊರಬೀಳುತ್ತದೆ.

"ಅವನು ಸಾಲ ______" ಎಂಬಲ್ಲಿ ಮಾಡಿದ, ಕೊಟ್ಟ, ಪಡೆದ, ಕೇಳಿದ, ತೀರಿಸಿದ ಎಲ್ಲವೂ ಸರಿಯಾದ ಕನ್ನಡವೇ. ಮಗು "ಮಾಡಿದ" ಎಂದು ಬರೆದರೆ ಯಾವ ಬಾಯಿಂದ ತಪ್ಪು ಎನ್ನುತ್ತೀರಿ? ವಾಕ್ಯವನ್ನು ಹೀಗೆ ಬಿಗಿಗೊಳಿಸಿ: "ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಹಣ ಕೊಟ್ಟು ಅವನು ಕೊನೆಗೆ ಸಾಲ ತೀ______." ಮೊದಲ ಅಕ್ಷರಗಳನ್ನು ಕೊಟ್ಟು ಬೇರೆ ಉತ್ತರಗಳ ದಾರಿ ಮುಚ್ಚುವ ಈ ಉಪಾಯವನ್ನು ಲಾಫರ್ ಮತ್ತು ನೇಷನ್ 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಳಸಿದ್ದಾರೆ. ನಾನು ಪ್ರತಿ ವಾಕ್ಯವನ್ನೂ ಪಟ್ಟಿ ನೋಡದ ಇನ್ನೊಬ್ಬ ಶಿಕ್ಷಕರ ಕೈಗೆ ಕೊಟ್ಟು ತುಂಬಿಸುತ್ತೇನೆ. ಅವರು ನಾನು ನೆನೆಸಿದ್ದಕ್ಕಿಂತ ಬೇರೆ ಪದ ಬರೆದರೆ ಆ ವಾಕ್ಯವನ್ನು ಮತ್ತೆ ಬರೆಯುತ್ತೇನೆ.

ಭಾಗಗಳ ಕ್ರಮ ಮೂರನೆಯ ಸಂಗತಿ. ನಿಮ್ಮ ಮೊದಲ ಭಾಗದಲ್ಲಿ ಆರೂ ಪದಗಳು ಕಾಗುಣಿತ ಸಮೇತ ಮುದ್ರಿತವಾಗಿವೆ, ಎರಡನೇ ಭಾಗಕ್ಕೆ ಮಕ್ಕಳು ಅಲ್ಲಿಂದ ನೋಡಿ ಬರೆಯುತ್ತಾರೆ. ನೆನಪಿನಿಂದ ಬರೆಯುವ ಭಾಗವನ್ನು ಮೊದಲ ಹಾಳೆಯಲ್ಲಿ ಕೊಟ್ಟು, ಅದನ್ನು ಹಿಂದಕ್ಕೆ ಪಡೆದ ಮೇಲೆಯೇ ಹೊಂದಿಸುವ ಹಾಳೆಯನ್ನು ಹಂಚಿ.

ಕಾಗುಣಿತ

"ಸ್ವಂತ ವಾಕ್ಯದಲ್ಲಿ ಬಳಸಿರಿ" ಎಂಬ ಪ್ರಶ್ನೆಯ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ತರಗತಿಯಲ್ಲಿ ಅದಕ್ಕೆ ಬಂದ ಉತ್ತರಗಳು: "ಅವನು ಹೆದರಿದನು." "ರಾಮು ಹೊರುತ್ತಾನೆ." ಒಬ್ಬಳು "ನಾನು ಸೋಲು ಎಂಬ ಪದವನ್ನು ಕಲಿತೆನು" ಎಂದೇ ಬರೆದಳು. ಯಾವುದೂ ತಪ್ಪಲ್ಲ, ಆದರೆ ಯಾವುದರಿಂದಲೂ ಏನೂ ತಿಳಿಯಲಿಲ್ಲ. ವಿಭಕ್ತಿ ಬೇಕಾದ ಜಾಗವನ್ನೂ ಕಷ್ಟದ ಭೂತಕಾಲವನ್ನೂ ಮಕ್ಕಳು ಜಾಣತನದಿಂದ ತಪ್ಪಿಸಿಕೊಂಡಿದ್ದರು.

ಈಗ ನಾನು ಮೂರು ಪದಗಳನ್ನು ಕೊಟ್ಟು ಜೋಡಿಸಲು ಹೇಳುತ್ತೇನೆ: "ಮಗು, ಹಾವು, ಹೆದರು (ನಿನ್ನೆ ನಡೆದದ್ದು)." ಇದಕ್ಕೆ "ನಿನ್ನೆ ಮಗು ಹಾವಿಗೆ ಹೆದರಿತು" ಎಂದು ಬರೆಯಲೇಬೇಕಾಗುತ್ತದೆ.

ಒತ್ತಕ್ಷರ

ಬರೆಯಲೇಬೇಕೆಂದೇನೂ ಇಲ್ಲ. "ಮಗು ಹಾವನ್ನು ಕಂಡು ಹೆದರಿತು" ಎಂದು ಬರೆದರೆ ಅದೂ ಶುದ್ಧ ಕನ್ನಡ. ಅಲ್ಲಿ "ಹಾವನ್ನು" ಸೇರುವುದು "ಕಂಡು" ಎಂಬುದಕ್ಕೆ.

ಕಾಗುಣಿತ

ಒಪ್ಪಿದೆ, ಇದನ್ನು ನಾನು ಯೋಚಿಸಿರಲಿಲ್ಲ. "ಬೇರೆ ಕ್ರಿಯಾಪದ ಸೇರಿಸಬೇಡಿ" ಎಂಬ ಸೂಚನೆಯನ್ನು ಹಾಕುತ್ತೇನೆ. ಮಕ್ಕಳು "ಹಾವನ್ನು ಹೆದರುತ್ತೇನೆ" ಎನ್ನುವುದಕ್ಕೆ ಬಹುಶಃ "ಹಾವನ್ನು ಕಂಡರೆ ಹೆದರುತ್ತೇನೆ" ಎಂಬುದನ್ನು ಅರ್ಧಂಬರ್ಧ ಕೇಳಿಸಿಕೊಂಡದ್ದೂ ಒಂದು ಕಾರಣವಿರಬಹುದು ಎಂದು ಈಗ ಅನಿಸುತ್ತಿದೆ.

ಹಳೆಯ ಹಾಜರಿ

ಸೂಚನೆ ಸರಿ. ಆದರೆ ಸೂಚನೆಯನ್ನು ಮರೆತು "ಕಂಡು ಹೆದರಿತು" ಎಂದು ಬರೆದ ಮಗುವಿನ ಅಂಕ ಕಳೆಯಬೇಡಿ, ಆ ಉತ್ತರಕ್ಕೆ ಗುರುತು ಹಾಕದೆ ಬಿಟ್ಟು ಇನ್ನೊಮ್ಮೆ ಬಾಯಲ್ಲಿ ಕೇಳಿ.

ಇದೇ ಕಾರಣಕ್ಕೆ ಸೀಮೆಸುಣ್ಣ ಅವರ ಪಟ್ಟಿಯಿಂದ "ಒಪ್ಪು" ಎಂಬುದನ್ನು ತೆಗೆಯುವುದು ಒಳ್ಳೆಯದು. "ಮಾತಿಗೆ ಒಪ್ಪಿದ", "ಮಾತನ್ನು ಒಪ್ಪಿದ" ಎರಡೂ ಬಳಕೆಯಲ್ಲಿವೆ. ವಿಭಕ್ತಿಯನ್ನು ಪರೀಕ್ಷಿಸಲು ಒಂದೇ ಉತ್ತರವಿರುವ ಪದಗಳನ್ನು ಆರಿಸಬೇಕು. ಎಲ್ಲ ಪದಗಳಿಗೂ ಮೂರೂ ಬಗೆಯ ಪ್ರಶ್ನೆ ಬೇಕಾಗಿಲ್ಲ: "ಹೊರು" ಎಂಬುದರಲ್ಲಿ ಕಷ್ಟವಿರುವುದು ರೂಪದಲ್ಲಿ, "ಹೆದರು" ಎಂಬುದರಲ್ಲಿ ಬಳಕೆಯಲ್ಲಿ, "ತೀರಿಸು" ಎಂಬುದರಲ್ಲಿ ಅದು ಯಾವ ಪದಗಳ ಜೊತೆ ಸೇರುತ್ತದೆ ಎಂಬುದರಲ್ಲಿ. ಸಾಲ ತೀರಿಸುತ್ತೇವೆ, ಹರಕೆ ತೀರಿಸುತ್ತೇವೆ, ಸೇಡು ತೀರಿಸಿಕೊಳ್ಳುತ್ತೇವೆ, ಆದರೆ ಪಾಠವನ್ನು ಮುಗಿಸುತ್ತೇವೆ. ಎಲ್ಲಿ ಜಾರುತ್ತಾರೋ ಅಲ್ಲಿಗೆ ಪ್ರಶ್ನೆ ಹೋಗಬೇಕು.

ಗಿಳಿಪಾಠ

ರೂಪ ಎಂದರೆ ಬರಹ ಮಾತ್ರವೇ? ಕಿವಿಗೆ ಬಿದ್ದದ್ದನ್ನು ಗುರುತಿಸುವುದೂ ರೂಪದ ಭಾಗವಲ್ಲವೇ? ನನ್ನ ಮಕ್ಕಳಿಗೆ ಲಕಾರ ಳಕಾರಗಳ ವ್ಯತ್ಯಾಸವೇ ಕೇಳಿಸುವುದಿಲ್ಲ. ಅದಕ್ಕಾಗಿ ನಾನು ಉಕ್ತಲೇಖನ ಕೊಡುತ್ತೇನೆ: "ರೈತನು ಹೊಲದಲ್ಲಿ ಬೆಳೆ ಬೆಳೆದನು." ಎಲ್ಲರೂ ಸರಿಯಾಗಿ ಬರೆಯುತ್ತಾರೆ, ಆದರೂ ಓದುವಾಗ ಬೆಲೆ ಬೆಳೆ ಒಂದೇ ಆಗುತ್ತದೆ.

ಒತ್ತಕ್ಷರ

ಆ ವಾಕ್ಯದಲ್ಲಿ ರೈತನೂ ಹೊಲವೂ ಇರುವಾಗ ಕಿವಿಗೆ ಕೆಲಸವೇ ಇಲ್ಲ, ಸಂದರ್ಭವೇ ಉತ್ತರ ಹೇಳಿಬಿಡುತ್ತದೆ. ಎರಡೂ ಸಲ್ಲುವ ವಾಕ್ಯ ಬೇಕು: "ಈ ವರ್ಷ ಬೆಳೆ ಚೆನ್ನಾಗಿದೆ", "ಈ ವರ್ಷ ಬೆಲೆ ಚೆನ್ನಾಗಿದೆ." ಇವುಗಳಲ್ಲಿ ಒಂದನ್ನು ಓದಿ, ಕೇಳಿದ ಪದವನ್ನು ಮಾತ್ರ ಬರೆಯಲು ಹೇಳಿ, ಪಕ್ಕದಲ್ಲಿ ಗದ್ದೆಯ ಚಿತ್ರ ಅಥವಾ ನಾಣ್ಯದ ಚಿತ್ರಕ್ಕೆ ಗುರುತು ಹಾಕಿಸಿ. ಆಗ ಒಂದೇ ಪ್ರಶ್ನೆಯಲ್ಲಿ ಕೇಳಿದ ರೂಪ, ಬರೆದ ರೂಪ, ಅರ್ಥ ಮೂರೂ ಬೇರೆ ಬೇರೆಯಾಗಿ ಸಿಗುತ್ತವೆ. ಓದುವಾಗ ಳಕಾರವನ್ನು ಬೇಕೆಂದೇ ಒತ್ತಬಾರದು, ಎಂದಿನಂತೆ ಓದಬೇಕು.

ಕಾಗುಣಿತ

ಕಂಡ ರೂಪವನ್ನು ಗುರುತಿಸುವುದರಲ್ಲೂ ಒಂದು ತೊಡಕಿದೆ. "ತಾಯಿ ಮಗುವನ್ನು ಹೊತ್ತು ನಡೆದಳು" ಎಂಬ ವಾಕ್ಯವನ್ನು ಓದಿದ ಹುಡುಗನೊಬ್ಬ "ಯಾವ ಹೊತ್ತಿನಲ್ಲಿ?" ಎಂದು ಕೇಳಿದ. ಅವನಿಗೆ ಹೊತ್ತು ಎಂದರೆ ಸಮಯ ಎಂದು ಗೊತ್ತಿತ್ತು, ಹೊರು ಎಂದರೆ ಏನೆಂಬುದೂ ಗೊತ್ತಿತ್ತು. "ಹೊತ್ತು" ಎಂಬುದು "ಹೊರು" ಎಂಬುದರಿಂದ ಬಂದಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅಂದಿನಿಂದ ನಾನು ಇಂತಹ ಒಂದು ವಾಕ್ಯ ಕೊಟ್ಟು, ಗೆರೆ ಎಳೆದ ಪದದ ಮೂಲರೂಪವನ್ನು ಬರೆಸುತ್ತೇನೆ.

ನೇರನುಡಿ

ಸರಿ ತಪ್ಪು ವಾಕ್ಯಗಳನ್ನು ನಾಲ್ಕು ನಾಲ್ಕಾಗಿ ಕೊಟ್ಟು ಸರಿಯಾದದ್ದಕ್ಕೆ ಗುರುತು ಹಾಕಿಸಿದರೆ ತಿದ್ದುವುದು ಎಷ್ಟೋ ಸುಲಭವಲ್ಲವೇ? ಬಳಕೆಯೂ ಪರೀಕ್ಷೆಯಾಗುತ್ತದೆ.

ಗಿಳಿಪಾಠ

ಅದನ್ನು ನಾನು ಒಪ್ಪುವುದಿಲ್ಲ. ಒಂದು ಸರಿ ವಾಕ್ಯದ ಜೊತೆಗೆ ಮೂರು ತಪ್ಪು ವಾಕ್ಯಗಳನ್ನು ಅಚ್ಚು ಹಾಕಿ ಮಗುವಿನ ಕಣ್ಣ ಮುಂದಿಟ್ಟರೆ ನಾಳೆ ನೆನಪಿನಲ್ಲಿ ಉಳಿಯುವುದು ಯಾವುದು?

ಹಳೆಯ ಹಾಜರಿ

ಗುರುತಿಸುವ ಮುಖವನ್ನು ನೋಡಲು ಆ ಪ್ರಶ್ನೆಯೂ ಆದೀತು, ಆದರೆ ಉತ್ತರಪತ್ರಿಕೆಯನ್ನು ಅದೇ ದಿನ ಹಿಂದಿರುಗಿಸಿ ತಿದ್ದಿಸಲು ಸಾಧ್ಯವಿದ್ದಾಗ ಮಾತ್ರ ನಾನು ಅದನ್ನು ಬಳಸುತ್ತೇನೆ. ಗುರುತು ಹಾಕಬಲ್ಲ ಮಗು ಬರೆಯಬಲ್ಲದು ಎಂದೇನೂ ಅಲ್ಲವಾದ್ದರಿಂದ, ಸೀಮೆಸುಣ್ಣ ಅವರು ಪ್ರಬಂಧದಲ್ಲಿ ಕಂಡ ತೊಂದರೆಯನ್ನು ಅದರಿಂದ ಅಳೆಯಲಾಗುವುದಿಲ್ಲ.

ಸೀಮೆಸುಣ್ಣ

ನಿನ್ನೆ ಪರೀಕ್ಷೆ ನಡೆಸಿದೆ. "ಒಪ್ಪು" ಬಿಟ್ಟು ಐದು ಪದಗಳು, ಎರಡು ಹಾಳೆ, ಒಟ್ಟು ಹದಿನೆಂಟು ನಿಮಿಷ ಹಿಡಿಯಿತು.

ಮೊದಲ ಹಾಳೆಯಲ್ಲಿ ಬೆಲೆ ಬೆಳೆಯ ಉಕ್ತಲೇಖನ, ಸಾಲದ ವಾಕ್ಯ, ಜೋಡಿಸುವ ಮೂರು ಪ್ರಶ್ನೆಗಳು ಇದ್ದವು. ಜೋಡಿಸಲು "ಮಗು, ಹಾವು, ಹೆದರು", "ಅವಳು, ಮೂಟೆ, ಹೊರು", "ನಮ್ಮ ತಂಡ, ಅವರು, ಸೋಲು" ಎಂದು ಕೊಟ್ಟು, ಮೂರೂ ನಿನ್ನೆ ನಡೆದವು, ಬೇರೆ ಕ್ರಿಯಾಪದ ಬೇಡ ಎಂದು ಸೂಚಿಸಿದೆ. ಅದನ್ನು ಹಿಂದಕ್ಕೆ ಪಡೆದು ಆರು ಪದ ಮೂರು ವಿವರಣೆಯ ಹಾಳೆಯನ್ನು ಕೊಟ್ಟೆ. ಒಟ್ಟು ಅಂಕ ಹಾಕದೆ ಪ್ರತಿ ಪದದ ಮುಂದೆ ಅರ್ಥ, ರೂಪ, ಬಳಕೆ ಎಂದು ಮೂರು ಮನೆಗಳನ್ನು ಎಳೆದು, ಪ್ರಶ್ನೆ ಮುಟ್ಟದ ಮನೆಯನ್ನು ಖಾಲಿ ಬಿಟ್ಟು ಉಳಿದವುಗಳಲ್ಲಿ ಸರಿ ಅಥವಾ ತಪ್ಪು ಎಂದಷ್ಟೇ ಗುರುತಿಸಿದೆ.

ಇಪ್ಪತ್ತೆಂಟು ಮಕ್ಕಳಲ್ಲಿ "ಹೊರು" ಎಂಬುದರ ಅರ್ಥ ಇಪ್ಪತ್ತಾರು ಜನರಿಗೆ ಸರಿ ಬಂತು, "ಹೊತ್ತಳು" ಎಂಬ ರೂಪ ಒಂಬತ್ತು ಜನರಿಗೆ ಮಾತ್ರ. "ಹಾವಿಗೆ ಹೆದರಿತು" ಎಂದು ಬರೆದವರು ಹದಿಮೂರು ಜನ. ಉಳಿದವರ ಉತ್ತರಗಳು ಎರಡು ಗುಂಪಾದವು: "ಹಾವನ್ನು" ಎಂದವರು, "ಹಾವಿನಿಂದ" ಎಂದವರು. ಎರಡನೇ ಗುಂಪಿನ ಹೆಚ್ಚಿನವರ ಮನೆಮಾತು ಹಿಂದಿ ಎಂದು ತಿಳಿದಾಗ ಎರಡುಮಾತು ಅವರ ಮಾತು ನೆನಪಾಯಿತು.

ಒಬ್ಬ ಹುಡುಗಿಯ ಉತ್ತರದ ಮುಂದೆ ನಾನು ಬಹಳ ಹೊತ್ತು ಕುಳಿತೆ. "ನಮ್ಮ ತಂಡ ಅವರಿಗೆ ಸೋಲಿತು" ಎಂದು ಬರೆದಿದ್ದಾಳೆ. ಹಳೆಯ ಕ್ರಮದಲ್ಲಿ ಈ ವಾಕ್ಯಕ್ಕೆ ಸೊನ್ನೆ ಹಾಕುತ್ತಿದ್ದೆ. ಈಗ ನೋಡಿದರೆ ಅರ್ಥ ಸರಿ, "ಅವರಿಗೆ" ಎಂಬ ಬಳಕೆ ಸರಿ, ರೂಪ ಒಂದೇ ತಪ್ಪು. ಅವಳಿಗೆ ಬೇಕಾದದ್ದು "ಸೋತ", "ಹೊತ್ತ" ಇಂತಹ ರೂಪಗಳ ಅಭ್ಯಾಸವೇ ಹೊರತು ಪದವನ್ನು ಮೊದಲಿನಿಂದ ಕಲಿಸುವುದಲ್ಲ.

ಒಂದು ಅನುಮಾನ ಉಳಿದಿದೆ. ನಾಲ್ವರು "ಹೊತಳು" ಎಂದು ಒತ್ತಕ್ಷರ ಬಿಟ್ಟು ಬರೆದಿದ್ದಾರೆ. ಇದನ್ನು ರೂಪದ ತಪ್ಪು ಎನ್ನಲೇ?

ಒತ್ತಕ್ಷರ

ತಪ್ಪೇ. ಒತ್ತು ಬಿಟ್ಟರೆ ಕನ್ನಡದಲ್ಲಿ ಪದವೇ ಬೇರೆಯಾಗುತ್ತದೆ. ಅತ್ತೆ ಎಂಬುದನ್ನು ಅತೆ ಎಂದು ಬರೆದರೆ ಒಪ್ಪುತ್ತೀರಾ?

ಕಾಗುಣಿತ

ನಾನು ಒಪ್ಪಲಾರೆ. "ಹೊರಿದಳು" ಎಂದವಳಿಗೆ ಭೂತಕಾಲದ ರೂಪವೇ ಗೊತ್ತಿಲ್ಲ, "ಹೊತಳು" ಎಂದವಳಿಗೆ ಅದು ಗೊತ್ತಿದೆ, ಕಾಗುಣಿತ ಮಾತ್ರ ತಪ್ಪಿದೆ. ಇಬ್ಬರಿಗೂ ಒಂದೇ ಗುರುತು ಹಾಕಿದರೆ ನೀವು ಈಗಷ್ಟೇ ಬೇರ್ಪಡಿಸಿದ್ದನ್ನು ಮತ್ತೆ ಕಲಸಿದಂತಾಗುತ್ತದೆ. ರೂಪದ ಮನೆಯನ್ನೇ ಎರಡಾಗಿ ಸೀಳಿ.

ಹಳೆಯ ಹಾಜರಿ

ನಾನು ಅರ್ಧ ಗುರುತು ಹಾಕುತ್ತಾ ಬಂದಿದ್ದೇನೆ, ಆದರೆ ಅದರಿಂದ ನನಗೂ ಸಮಾಧಾನವಿಲ್ಲ. ಆ ನಾಲ್ವರನ್ನು ಕರೆದು ತಾವು ಬರೆದದ್ದನ್ನು ಗಟ್ಟಿಯಾಗಿ ಓದಲು ಹೇಳಿ ನೋಡಿ. "ಹೊತ್ತಳು" ಎಂದು ಸರಿಯಾಗಿ ಓದಿದರೆ ಕೈ ತಪ್ಪಿದೆ, "ಹೊತಳು" ಎಂದೇ ಓದಿದರೆ ಪದವೇ ಹಾಗೆ ಕೂತಿದೆ. ಎರಡು ವಾರ ಬಿಟ್ಟು ಹೊರು, ಹೆದರು ಎರಡನ್ನು ಮುಂದಿನ ಪರೀಕ್ಷೆಯೊಳಗೆ ಹೇಳದೆ ಸೇರಿಸಿ, ವಾಕ್ಯಗಳನ್ನು ಮಾತ್ರ ಬದಲಿಸಿ. ಹಾವಿನ ಬದಲು ಕತ್ತಲೆ ಇರಲಿ, ಏಕೆಂದರೆ ಕೆಲವರು "ಹಾವಿಗೆ ಹೆದರಿತು" ಎಂಬ ವಾಕ್ಯವನ್ನೇ ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಸೀಮೆಸುಣ್ಣ

ನಾಲ್ವರಲ್ಲಿ ಮೂವರು "ಹೊತ್ತಳು" ಎಂದೇ ಓದಿದರು. ಒಬ್ಬನು "ಹೊತಳು" ಎಂದು ಓದಿ, ನಿಂತು, ಹಾಳೆಯನ್ನು ಮತ್ತೆ ನೋಡಿ, "ಇಲ್ಲಿ ಏನೋ ಕಡಿಮೆ ಇದೆ ಮೇಡಂ" ಎಂದನು. ಅವನ ಹೆಸರಿನ ಮುಂದೆ ರೂಪದ ಮನೆಯಲ್ಲಿ ಏನು ಗುರುತು ಹಾಕಬೇಕೆಂದು ಇನ್ನೂ ತೀರ್ಮಾನಿಸಿಲ್ಲ.